ಮೊದಲ ಗಂಟೆಯ ಲೆಕ್ಕ: ಸೆಪ್ಸಿಸ್ ಗುರುತಿಸುವ ಬಗೆ, ಆಮೇಲಿನ ಕೆಲಸ

ಯಾವ ವಾರ್ಡಿನ ಕೇಸ್ ಶೀಟ್ ತೆರೆದರೂ ಒಂದು ಕಾಲಂ ಅನುಮಾನ ಹುಟ್ಟಿಸುವಷ್ಟು ಅಚ್ಚುಕಟ್ಟಾಗಿರುತ್ತದೆ. ಜ್ವರದ ಅಂಕಿ ಏರಿಳಿದಿರುತ್ತದೆ, ನಾಡಿ ಬದಲಾಗಿರುತ್ತದೆ, ಬಿ.ಪಿ. ಒಂದೊಂದು ಸಲ ಒಂದೊಂದು. ಉಸಿರಾಟದ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗೆ 20, 20, 18, 20. ಬಿ.ಪಿ.ಗೆ, ನಾಡಿಗೆ, ಆಮ್ಲಜನಕದ ಮಟ್ಟಕ್ಕೆ ಯಂತ್ರವಿದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರು ಎಣಿಸಲು ಯಂತ್ರವಿಲ್ಲ. ಗಡಿಯಾರ ಹಿಡಿದು ಒಂದು ನಿಮಿಷ ರೋಗಿಯ ಎದೆಯನ್ನೇ ನೋಡುತ್ತಾ ನಿಲ್ಲಬೇಕು. ನಲವತ್ತು ರೋಗಿಗಳಿಗೆ ಇಬ್ಬರೇ ಇರುವ ಪಾಳಿಯಲ್ಲಿ ಮೊದಲು ಕೈಬಿಡುವುದು ಆ ಒಂದು ನಿಮಿಷವನ್ನೇ.

ಸೆಪ್ಸಿಸ್ ಬಹಳ ಸಲ ಮೊದಲು ಕಾಣಿಸಿಕೊಳ್ಳುವುದು ಅದೇ ಕಾಲಂನಲ್ಲಿ. ಹಾಗಾಗಿ ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಈ ಪಾಠವನ್ನು ಆಂಟಿಬಯೋಟಿಕ್‌ನಿಂದ ಶುರು ಮಾಡುವುದಕ್ಕಿಂತ ಉಸಿರಿನಿಂದ ಶುರು ಮಾಡುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ತಮ್ಮವರ ಪಕ್ಕ ಕೂತು ರಾತ್ರಿ ಕಳೆಯುವ ಮನೆಯವರಿಗೂ ಇದು ತಿಳಿದಿದ್ದರೆ ಉಪಯೋಗವಿದೆ.

ಸೋಂಕಲ್ಲ, ಸೋಂಕಿಗೆ ದೇಹ ಕೊಡುವ ಉತ್ತರ

ನಮ್ಮ ಕಡೆ ‘ರಕ್ತಕ್ಕೆ ನಂಜೇರಿದೆ’ ಎನ್ನುತ್ತಾರೆ. ಕೇಳಿದರೆ ರೋಗಾಣುಗಳು ರಕ್ತದ ತುಂಬ ಓಡಾಡುತ್ತಿವೆ ಎಂಬ ಚಿತ್ರ ಮೂಡುತ್ತದೆ. ಎಷ್ಟೋ ರೋಗಿಗಳ ರಕ್ತದಲ್ಲಿ ರೋಗಾಣು ಸಿಗುವುದೇ ಇಲ್ಲ, ಆದರೂ ಅವರಿಗೆ ಸೆಪ್ಸಿಸ್ ಇರುತ್ತದೆ. 2016ರಲ್ಲಿ ತಜ್ಞರು ಒಪ್ಪಿದ ವಿವರಣೆಯ ಪ್ರಕಾರ, ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆ ಹದ ತಪ್ಪಿ, ಅದರಿಂದ ದೇಹದ ಅಂಗಗಳೇ ಜೀವಕ್ಕೆ ಅಪಾಯವಾಗುವಷ್ಟು ಕೆಡುವುದು ಸೆಪ್ಸಿಸ್. ಸೋಂಕು ಮೂತ್ರಕೋಶದಲ್ಲಿರಬಹುದು, ಶ್ವಾಸಕೋಶದಲ್ಲಿರಬಹುದು, ಹೆರಿಗೆಯ ನಂತರ ಗರ್ಭಕೋಶದಲ್ಲಿರಬಹುದು. ಕೆಡುವುದು ಮಾತ್ರ ಮಿದುಳು, ಕಿಡ್ನಿ, ಹೃದಯ.

ಒಳಗೆ ಆಗುವುದು ಇಷ್ಟು. ತೋಟಕ್ಕೆ ನೀರು ಹಾಯಿಸುವ ಕಾಲುವೆ ಇದ್ದಕ್ಕಿದ್ದಂತೆ ಅಗಲವಾಗಿ, ದಂಡೆಯೂ ಅಲ್ಲಲ್ಲಿ ಒಡೆದರೆ, ಬಿಟ್ಟ ನೀರು ಅಷ್ಟೇ ಇದ್ದರೂ ಕೊನೆಯ ಗಿಡಕ್ಕೆ ತಲುಪುವುದಿಲ್ಲ. ಸೆಪ್ಸಿಸ್‌ನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಜೊತೆಗೆ ಸೋರುತ್ತವೆ. ಬಿ.ಪಿ. ಇಳಿಯುತ್ತದೆ. ಸಣ್ಣ ನಾಳಗಳಲ್ಲಿ ಹರಿವು ತಗ್ಗುತ್ತದೆ, ಜೀವಕೋಶಗಳು ಆಮ್ಲಜನಕವನ್ನು ಸರಿಯಾಗಿ ಬಳಸಲಾರದೆ ಹೋಗುತ್ತವೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ರಕ್ತ ಆಮ್ಲೀಯವಾಗುತ್ತಿದ್ದಂತೆ ಅದನ್ನು ಸರಿದೂಗಿಸಲು ಮಿದುಳು ಉಸಿರಾಟವನ್ನು ಜೋರು ಮಾಡುತ್ತದೆ. ಶ್ವಾಸಕೋಶದಲ್ಲಿ ಯಾವ ತೊಂದರೆಯೂ ಇಲ್ಲದ ರೋಗಿ, ಆಮ್ಲಜನಕ 97 ಇದ್ದರೂ ನಿಮಿಷಕ್ಕೆ 26 ಸಲ ಉಸಿರಾಡುವುದು ಈ ಕಾರಣಕ್ಕೆ. ಮಿದುಳಿಗೆ ಹರಿವು ಸಾಲದಾದಾಗ ಮಾತು ತಪ್ಪುತ್ತದೆ. ಕಿಡ್ನಿಗೆ ಸಾಲದಾದಾಗ ಮೂತ್ರ ನಿಲ್ಲುತ್ತದೆ. ಹಾಸಿಗೆಯ ಪಕ್ಕ ನಿಂತವರಿಗೆ ಕಾಣುವ ಮುಖ್ಯ ಗುರುತುಗಳು ಇವೇ: ಉಸಿರು, ಮಾತು, ಮೂತ್ರ, ಚರ್ಮದ ಬಣ್ಣ ಮತ್ತು ತಣ್ಣಗೆ.

ಆರನೇ ಬೆಡ್

ಇನ್ನು ಒಂದು ಪ್ರಕರಣವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಇದು ಪಾಠಕ್ಕೆಂದು ಹೆಣೆದದ್ದು. ಜಿಲ್ಲಾ ಆಸ್ಪತ್ರೆಯ ಹೆಣ್ಣುಮಕ್ಕಳ ಮೆಡಿಕಲ್ ವಾರ್ಡಿನಲ್ಲಿ ನಡೆಯಬಹುದಾದಂಥದ್ದು.

ರೋಗಿಗೆ 62 ವರ್ಷ, ತೂಕ 50 ಕಿಲೋ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೂರು ದಿನದಿಂದ ಚಳಿ ಜ್ವರ, ಉರಿ ಮೂತ್ರ, ಬಲಗಡೆ ಸೊಂಟದ ಮೇಲೆ ನೋವು. ಸಂಜೆ ಅಡ್ಮಿಟ್ ಆಗಿದ್ದಾರೆ. ರಾತ್ರಿ 8 ಗಂಟೆಗೆ ಬರೆದಿರುವುದು: ಜ್ವರ 38.4 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ ಸುಮಾರು 101), ನಾಡಿ 104, ಬಿ.ಪಿ. 118/70, ಆಮ್ಲಜನಕ 96, ಉಸಿರು 20, ಎಚ್ಚರವಾಗಿದ್ದಾರೆ. ಪ್ಯಾರಾಸಿಟಮಾಲ್ ಕೊಟ್ಟಾಗಿದೆ. ಮೂತ್ರ ಪರೀಕ್ಷೆಗೆ ಕಳಿಸಿದೆ. ಆಂಟಿಬಯೋಟಿಕ್ ಬೆಳಗ್ಗೆ ನೋಡೋಣ ಎಂದಾಗಿದೆ.

ರಾತ್ರಿ 11.10ಕ್ಕೆ ಮಗಳು ನರ್ಸ್ ಟೇಬಲ್ ಹತ್ತಿರ ಬರುತ್ತಾಳೆ.

“ಸಿಸ್ಟರ್, ಸ್ವಲ್ಪ ಬನ್ನಿ. ಅಮ್ಮ ಏನೇನೋ ಮಾತಾಡ್ತಿದ್ದಾರೆ. ಹಸು ಕಟ್ಬೇಕು, ಮನೆಗೆ ಹೋಗೋಣ ಅಂತಾರೆ.”

“ಜ್ವರ ಹೇಗಿದೆಯಮ್ಮ?”

“ಜ್ವರ ಬಿಟ್ಟಿದೆ ಸಿಸ್ಟರ್. ಮೈ ತಣ್ಣಗಿದೆ.”

ಇಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ‘ಜ್ವರ ಬಿಟ್ಟಿದೆಯಲ್ಲ, ಆಸ್ಪತ್ರೆ ಹೊಸದು, ವಯಸ್ಸಾಗಿದೆ, ನಿದ್ದೆಗಣ್ಣಲ್ಲಿ ಮಾತಾಡುತ್ತಿದ್ದಾರೆ’ ಎಂದು ಸಮಾಧಾನ ಹೇಳಿ ಕಳಿಸುವುದು ಒಂದು ದಾರಿ. ಎದ್ದು ಹೋಗಿ ನೋಡುವುದು ಇನ್ನೊಂದು. ನಮ್ಮ ನರ್ಸ್ ಎದ್ದು ಹೋಗುತ್ತಾಳೆ. ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತಾಳೆ: 28. ನಾಡಿ 122. ಬಿ.ಪಿ. 96/54. ಆಮ್ಲಜನಕ 94. ಜ್ವರ 36.0. ಊರು ಯಾವುದೆಂದು ಕೇಳಿದರೆ ಉತ್ತರ ಬೇರೆಲ್ಲೋ ಹೋಗುತ್ತದೆ. ಬೆರಳ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಬಣ್ಣ ಮರಳಲು ಐದು ಸೆಕೆಂಡ್ ಬೇಕಾಗುತ್ತದೆ, ಮೂರರೊಳಗೆ ಮರಳಬೇಕಿತ್ತು. ಸಂಜೆ ಆರರ ನಂತರ ಮೂತ್ರಕ್ಕೆ ಹೋಗಿಲ್ಲ ಎನ್ನುತ್ತಾಳೆ ಮಗಳು.

ನರ್ಸ್ ಮೊದಲು ಮಾಡುವ ಪರೀಕ್ಷೆ ಬೆರಳು ಚುಚ್ಚಿ ಸಕ್ಕರೆ ನೋಡುವುದು. ಸಕ್ಕರೆ ಕಾಯಿಲೆಯವರು ಗೊಂದಲಕ್ಕೆ ಬಿದ್ದರೆ ಸಕ್ಕರೆ ತೀರಾ ಇಳಿದಿರಬಹುದು. ಅದನ್ನು ಒಂದೇ ನಿಮಿಷದಲ್ಲಿ ತಳ್ಳಿಹಾಕಬಹುದು. ಇಲ್ಲಿ ಬಂದದ್ದು 214. ಗೊಂದಲಕ್ಕೆ ಸಕ್ಕರೆ ಇಳಿದದ್ದು ಕಾರಣವಲ್ಲ.

ಅಂಕ ಹಾಕುವುದು

‘ಯಾಕೋ ಸರಿ ಕಾಣ್ತಿಲ್ಲ’ ಎಂದು ಫೋನ್ ಮಾಡಿದರೆ ನಡುರಾತ್ರಿಯ ಡಾಕ್ಟರಿಗೆ ಅದರ ತೂಕ ತಿಳಿಯುವುದು ಕಷ್ಟ. ಅದಕ್ಕೇ ಅಂಕ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್-2’ ಪಟ್ಟಿ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ರೋಗಿಗೆ ಅಂಕ ಹಾಕೋಣ. ಉಸಿರು 25 ಅಥವಾ ಹೆಚ್ಚಿದ್ದರೆ 3. ಆಮ್ಲಜನಕ 94ಕ್ಕೆ 1. ಹೊರಗಿನ ಆಮ್ಲಜನಕ ಕೊಡುತ್ತಿಲ್ಲ, 0. ಮೇಲಿನ ಬಿ.ಪಿ. 91ರಿಂದ 100ರೊಳಗಿದ್ದರೆ 2. ನಾಡಿ 111ರಿಂದ 130ರೊಳಗಿದ್ದರೆ 2. ಹೊಸದಾಗಿ ಬಂದ ಗೊಂದಲಕ್ಕೆ 3. ಜ್ವರ 36.0ಕ್ಕೆ 1. ಒಟ್ಟು 12. ಐದಾದರೆ ಡಾಕ್ಟರನ್ನು ಬೇಗ ಕರೆಸಬೇಕು, ಏಳು ಅಥವಾ ಹೆಚ್ಚಾದರೆ ತುರ್ತು ತಂಡವನ್ನೇ ಕರೆಯಬೇಕು.

ಜ್ವರದ ಅಂಕವನ್ನು ಗಮನಿಸಿ. ಮೈ ತಣ್ಣಗಾದದ್ದಕ್ಕೂ ಒಂದು ಅಂಕ ಬಿದ್ದಿದೆ. ಮನೆಯವರು ಗುಣವೆಂದುಕೊಂಡದ್ದು ಪಟ್ಟಿಯಲ್ಲಿ ಕೆಟ್ಟದ್ದರ ಕಡೆ ಸೇರಿದೆ. ವಯಸ್ಸಾದವರಲ್ಲಿ ಸೆಪ್ಸಿಸ್ ಜ್ವರವಿಲ್ಲದೆಯೂ ಬರುತ್ತದೆ. ಬೀಟಾ ಬ್ಲಾಕರ್ ಗುಳಿಗೆ ನುಂಗುವವರಲ್ಲಿ ನಾಡಿ ಏರದೆಯೂ ಬರುತ್ತದೆ. ಯಾವಾಗಲೂ 150 ಬಿ.ಪಿ. ಇರುವವರಿಗೆ 110 ಎಂಬುದು ಕಡಿಮೆಯೇ. ಅವರವರ ಹಳೆಯ ಬಿ.ಪಿ. ಎಷ್ಟಿತ್ತೆಂದು ಕೇಸ್ ಶೀಟಿನ ಹಿಂದಿನ ಪುಟ ತಿರುಗಿಸಿ ನೋಡಬೇಕು.

ಇನ್ನೊಂದು ಚಿಕ್ಕ ಪಟ್ಟಿ, ‘ಕ್ಯುಸೋಫಾ’, ಪುಸ್ತಕಗಳಲ್ಲಿ ಸಿಗುತ್ತದೆ: ಉಸಿರು 22 ಅಥವಾ ಹೆಚ್ಚು, ಮೇಲಿನ ಬಿ.ಪಿ. 100 ಅಥವಾ ಕಡಿಮೆ, ಎಚ್ಚರ ತಪ್ಪಿದ್ದು. ನೆನಪಿಡಲು ಸುಲಭ. ಆದರೆ ಅದರಲ್ಲಿ ಎರಡು ಅಂಕ ಬರುವ ಹೊತ್ತಿಗೆ ಬಹಳ ಸಲ ಹೊತ್ತು ಮೀರಿರುತ್ತದೆ. ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ 2021ರ ಮಾರ್ಗಸೂಚಿಯಲ್ಲಿ ಅದೊಂದನ್ನೇ ನಂಬಿ ಸೆಪ್ಸಿಸ್ ಹುಡುಕಬೇಡಿ ಎಂದು ಹೇಳಿದೆ.

ಈಗ ರಾತ್ರಿ 8ರ ಸಾಲಿಗೆ ಮರಳಿ. ಆಗಿನ ಒಟ್ಟು ಅಂಕ 2: ನಾಡಿಗೆ ಒಂದು, ಜ್ವರಕ್ಕೆ ಒಂದು. ಉಸಿರು ನಿಜವಾಗಿ 20 ಇತ್ತೋ, ಅಂದಾಜಿನ 20 ಆಗಿತ್ತೋ? ಆಗಲೇ 26 ಇದ್ದಿದ್ದರೆ ಅಂಕ 5 ಆಗುತ್ತಿತ್ತು, ಡಾಕ್ಟರಿಗೆ ಕರೆ ಹೋಗುತ್ತಿತ್ತು, ಗಂಟೆಗೊಮ್ಮೆ ನೋಡುವ ಸಾಲಿಗೆ ಈ ರೋಗಿ ಸೇರುತ್ತಿದ್ದರು. ಮಗಳು ಬಂದು ಕರೆಯುವ ತನಕ ಮೂರು ಗಂಟೆ ಕಾಯಬೇಕಾಗುತ್ತಿರಲಿಲ್ಲ.

ಫೋನಿನಲ್ಲಿ ಏನು ಹೇಳಬೇಕು

11.14ಕ್ಕೆ ನರ್ಸ್ ಪಕ್ಕದ ವಾರ್ಡಿನ ಸಹೋದ್ಯೋಗಿಯನ್ನು ಕರೆದು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾಳೆ.

“ಮೇಡಂ, ಫೀಮೇಲ್ ಮೆಡಿಕಲ್ ವಾರ್ಡಿಂದ ಡ್ಯೂಟಿ ಸಿಸ್ಟರ್. ಆರನೇ ಬೆಡ್ ಪೇಷೆಂಟ್‌ಗೆ ಸೆಪ್ಸಿಸ್ ಅನ್ನಿಸ್ತಿದೆ, ನೀವು ಈಗಲೇ ಬಂದು ನೋಡ್ಬೇಕು. 62 ವರ್ಷ, ಶುಗರ್ ಇದೆ, ಯೂರಿನ್ ಇನ್‌ಫೆಕ್ಷನ್ ಅಂತ ಸಂಜೆ ಅಡ್ಮಿಟ್ ಆಗಿದ್ದಾರೆ, ಆಂಟಿಬಯೋಟಿಕ್ ಇನ್ನೂ ಹೋಗಿಲ್ಲ. ಹೊಸದಾಗಿ ಕನ್ಫ್ಯೂಷನ್ ಇದೆ, ಉಸಿರು ಎಣಿಸಿದೆ, 28. ಪಲ್ಸ್ 122, ಬಿ.ಪಿ. 96/54, ಸ್ಕೋರ್ 12. ಶುಗರ್ 214. ಕ್ಯಾನುಲಾ ಹಾಕಿ ಕಲ್ಚರ್, ಲ್ಯಾಕ್ಟೇಟ್ ತೆಗೀತೀನಿ, ಆರ್.ಎಲ್. ಶುರು ಮಾಡ್ಲಾ?”

ಕಾಯಿಲೆಯ ಹೆಸರು ಮೊದಲ ವಾಕ್ಯದಲ್ಲೇ ಬಂತು. ಇತಿಹಾಸ ಎರಡು ಸಾಲಿನಲ್ಲಿ ಮುಗಿಯಿತು. ‘ಎಣಿಸಿದೆ’ ಎಂದು ಹೇಳಿದ್ದರಿಂದ ಆ ಅಂಕಿಯನ್ನು ನಂಬಬಹುದು. ಕೊನೆಗೆ ಏನು ಬೇಕೆಂದು ಕೇಳಿದ್ದಾಳೆ. ಡಾಕ್ಟರ್ ಒಪ್ಪಿ ಹೊರಡುತ್ತಾರೆ. ಗುರುತಿಸಿದ ಕ್ಷಣ, 11.10, ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಮುಂದಿನ ಎಲ್ಲ ಲೆಕ್ಕವೂ ಅಲ್ಲಿಂದಲೇ.

ಐದು ಕೆಲಸದ ಕಟ್ಟು

‘ಬಂಡಲ್’ ಎಂದು ಕರೆಯುವುದು ಬಿಡಿಬಿಡಿಯಾಗಿ ಮರೆತುಹೋಗುವ ಐದು ಕೆಲಸಗಳನ್ನು ಒಟ್ಟಿಗೆ ಕಟ್ಟಿದ್ದಕ್ಕೆ: ಲ್ಯಾಕ್ಟೇಟ್ ನೋಡುವುದು, ಆಂಟಿಬಯೋಟಿಕ್‌ಗೆ ಮೊದಲು ರಕ್ತದ ಕಲ್ಚರ್ ತೆಗೆಯುವುದು, ಆಂಟಿಬಯೋಟಿಕ್ ಕೊಡುವುದು, ಬಿ.ಪಿ. ಇಳಿದಿದ್ದರೆ ಅಥವಾ ಲ್ಯಾಕ್ಟೇಟ್ 4 ಮುಟ್ಟಿದ್ದರೆ ದ್ರವ ಕೊಡುವುದು, ಅದಕ್ಕೂ ಬಿ.ಪಿ. ನಿಲ್ಲದಿದ್ದರೆ ನಾಳ ಬಿಗಿಗೊಳಿಸುವ ಔಷಧಿ ಹಚ್ಚುವುದು.

ಎರಡೂ ಕೈಗೆ 18 ಗೇಜಿನ ಹಸಿರು ಕ್ಯಾನುಲಾ ಬೀಳುತ್ತದೆ. ಕಲ್ಚರ್‌ಗೆ ರಕ್ತವನ್ನು ಸಂಜೆಯೇ ಹಾಕಿದ್ದ ಹಳೆಯ ಕ್ಯಾನುಲಾದಿಂದ ಎಳೆಯಬಾರದು. ಅದರ ಬಾಯಲ್ಲಿ ಕೂತ ಚರ್ಮದ ಬ್ಯಾಕ್ಟೀರಿಯಾ ಬಾಟಲಿ ಸೇರಿ ಲ್ಯಾಬಿನ ಉತ್ತರವನ್ನೇ ಕೆಡಿಸುತ್ತದೆ. ಹೊಸ ಜಾಗವನ್ನು ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಉಜ್ಜಿ, ಅದು ತಾನಾಗಿ ಒಣಗುವ ತನಕ ಕಾಯಬೇಕು. ಊದಿ ಒಣಗಿಸುವುದು, ಒರೆಸಿದ ಮೇಲೆ ಮತ್ತೆ ಬೆರಳಿಟ್ಟು ನಾಳ ಹುಡುಕುವುದು ಎರಡೂ ತಪ್ಪು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು. ಎರಡು ಬೇರೆ ಜಾಗಗಳಿಂದ ಎರಡು ಸೆಟ್, ದೊಡ್ಡವರಿಗೆ ಒಂದೊಂದು ಬಾಟಲಿಗೆ 8ರಿಂದ 10 ಎಂ.ಎಲ್. ಎರಡು ಎಂ.ಎಲ್. ಹಾಕಿ ಕಳಿಸಿದರೆ ರೋಗಾಣು ಇದ್ದೂ ಸಿಗದೇ ಹೋಗುತ್ತದೆ, ಯಾಕೆಂದರೆ ಅದು ರಕ್ತದಲ್ಲಿ ಬಲು ವಿರಳವಾಗಿರುತ್ತದೆ. ಲ್ಯಾಕ್ಟೇಟ್ ರಕ್ತ ತೆಗೆಯುವಾಗ ಟೂರ್ನಿಕೆಟ್ ಬಹಳ ಹೊತ್ತು ಬಿಗಿದಿಡಬಾರದು, ತೆಗೆದದ್ದನ್ನು ಕೂಡಲೇ ಲ್ಯಾಬಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಟ್ಯೂಬಿನಲ್ಲೇ ಲ್ಯಾಕ್ಟೇಟ್ ಏರಿ ಸುಳ್ಳು ಅಂಕಿ ಬರುತ್ತದೆ. 11.30ಕ್ಕೆ ರಕ್ತ ಹೋಯಿತು.

ಕಲ್ಚರ್ ಮೊದಲು, ಆಂಟಿಬಯೋಟಿಕ್ ಆಮೇಲೆ ಎಂಬ ಕ್ರಮಕ್ಕೆ ಕಾರಣವಿದೆ: ಔಷಧಿ ಹೋದ ಮೇಲೆ ರೋಗಾಣು ಬೆಳೆಯದೇ ಹೋಗಬಹುದು, ಆಗ ಯಾವ ಔಷಧಿ ನಾಟುತ್ತದೆಂದು ಎರಡು ದಿನದ ನಂತರವೂ ಗೊತ್ತಾಗುವುದಿಲ್ಲ. ಆದರೆ ಈ ಕ್ರಮ ಬೇಡಿಯಾಗಬಾರದು. ನಾಳ ಸಿಗದೆ, ಬಾಟಲಿ ಸಿಗದೆ ಮುಕ್ಕಾಲು ಗಂಟೆ ಕಳೆಯುವಂತಿದ್ದರೆ ಔಷಧಿ ಕೊಟ್ಟುಬಿಡಬೇಕು.

ಡಾಕ್ಟರ್ ಮೆರೊಪೆನೆಮ್ 1 ಗ್ರಾಂ ಬರೆಯುತ್ತಾರೆ. ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಇ-ಕೊಲೈ ನಮ್ಮ ದೇಶದ ಮೂತ್ರದ ಸೋಂಕುಗಳಲ್ಲಿ ಹೆಚ್ಚಾಗಿರುವುದರಿಂದ ಈ ಆಯ್ಕೆ. ಬೇರೆ ಆಸ್ಪತ್ರೆಯಲ್ಲಿ ಬೇರೆಯಾಗಬಹುದು. ಅಲರ್ಜಿ ಇದೆಯೇ ಎಂದು ಮಗಳನ್ನು ಕೇಳಿ, 20 ಎಂ.ಎಲ್. ಸ್ಟೆರೈಲ್ ನೀರಿನಲ್ಲಿ ಕರಗಿಸಿ, ಐದು ನಿಮಿಷದಲ್ಲಿ ನಿಧಾನಕ್ಕೆ ಕೊಡಲಾಗುತ್ತದೆ. ಕಿಡ್ನಿ ಕೆಟ್ಟಿರಬಹುದೆಂದು ಮೊದಲ ಡೋಸನ್ನು ತಗ್ಗಿಸುವುದಿಲ್ಲ. ತಗ್ಗಿಸುವುದೇನಿದ್ದರೂ ಮುಂದಿನ ಡೋಸುಗಳಲ್ಲಿ. ಸಮಯ 11.42. ಗುರುತಿಸಿದ 32ನೇ ನಿಮಿಷ.

ತಡ ಎಲ್ಲಿ ನುಸುಳುತ್ತದೆ ಎಂದು ನೋಡಿದರೆ, ಸಾಮಾನ್ಯವಾಗಿ ಡಾಕ್ಟರ ಪೆನ್ನಿಗೂ ರೋಗಿಯ ನಾಳಕ್ಕೂ ನಡುವೆ. ಬರೆದದ್ದು 11.25ಕ್ಕೆ, ಚೀಟಿ ಹಿಡಿದು ಮಗಳು ಹೊರಗಿನ ಮೆಡಿಕಲ್ ಶಾಪಿಗೆ ಹೋದದ್ದು 11.40ಕ್ಕೆ, ಶಾಪ್ ಮುಚ್ಚಿದೆ, ಇನ್ನೊಂದು ಬಸ್ ಸ್ಟ್ಯಾಂಡ್ ಹತ್ತಿರ. ಅಥವಾ ಔಷಧಿ ವಾರ್ಡಿನಲ್ಲೇ ಇದೆ, ಆದರೆ ‘ಎಂಟು ಗಂಟೆಗೊಮ್ಮೆ’ ಎಂದು ಬರೆದದ್ದನ್ನು ಬೆಳಗಿನ 6ರ ಸುತ್ತಿಗೆ ಸೇರಿಸಿಬಿಟ್ಟಿದ್ದಾರೆ. ಮೊದಲ ಡೋಸ್ ‘ಈಗಲೇ’ ಎಂದು ಬೇರೆ ಸಾಲಿನಲ್ಲಿ ಬರೆಸಿಕೊಳ್ಳುವುದು, ಎಮರ್ಜೆನ್ಸಿ ಟ್ರೇನಲ್ಲಿ ಒಂದು ಡೋಸ್ ಸದಾ ಇಟ್ಟಿರುವುದು, ಈ ಎರಡರಿಂದಲೇ ಎಷ್ಟೋ ಹೊತ್ತು ಉಳಿಯುತ್ತದೆ.

ಡ್ರಿಪ್‌ನ ಲೆಕ್ಕ, ಪಂಪಿನ ಲೆಕ್ಕ

ದ್ರವದ ಲೆಕ್ಕ ಕಿಲೋ ತೂಕಕ್ಕೆ 30 ಎಂ.ಎಲ್., ಮೊದಲ ಮೂರು ಗಂಟೆಯೊಳಗೆ. ನಮ್ಮ ರೋಗಿಗೆ 50ರಿಂದ ಗುಣಿಸಿದರೆ 1500 ಎಂ.ಎಲ್., ಅಂದರೆ ಆರ್.ಎಲ್.ನ ಅರ್ಧ ಲೀಟರಿನ ಮೂರು ಬಾಟಲಿ. ಮೂರನ್ನೂ ಒಟ್ಟಿಗೆ ನೇತುಹಾಕಿ ಹೋಗುವಂತಿಲ್ಲ. 11.35ಕ್ಕೆ ಮೊದಲನೆಯದು ಶುರುವಾಗಿ ಕಾಲು ಗಂಟೆಯಲ್ಲಿ ಹೋಯಿತು. ಮತ್ತೆ ಬಿ.ಪಿ., ಉಸಿರು, ಆಮ್ಲಜನಕ. ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟು ಶ್ವಾಸಕೋಶದ ತಳದಲ್ಲಿ ನೀರಿನ ಸದ್ದು ಇದೆಯೇ ಎಂದು ಕೇಳಿದ ಮೇಲೆಯೇ ಎರಡನೆಯದು. ದ್ರವ ಕೊಟ್ಟಷ್ಟೂ ಉಸಿರು ಹೆಚ್ಚಾಗಿ ಆಮ್ಲಜನಕ ಇಳಿಯುತ್ತಿದ್ದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

11.50ಕ್ಕೆ ಲ್ಯಾಕ್ಟೇಟ್ ಬಂತು: 4.6. ಎರಡಕ್ಕಿಂತ ಕಡಿಮೆ ಇರಬೇಕಿತ್ತು. 12.05ಕ್ಕೆ ಕ್ಯಾತಿಟರ್ ಹಾಕಿದಾಗ ಬಂದದ್ದು 60 ಎಂ.ಎಲ್., ಗಾಢ ಬಣ್ಣ, ಕಲಕು. ಅದನ್ನೂ ಕಲ್ಚರ್‌ಗೆ ಕಳಿಸಿದರು. ಇನ್ನು ಗಂಟೆಗೆ ಕಿಲೋಗೆ ಅರ್ಧ ಎಂ.ಎಲ್., ಅಂದರೆ ಈ ರೋಗಿಗೆ 25 ಎಂ.ಎಲ್. ಆದರೂ ಮೂತ್ರ ಬರಬೇಕು.

12.15ಕ್ಕೆ ಒಂದು ಲೀಟರ್ ಮುಗಿದಿದೆ, ಬಿ.ಪಿ. 84/44. ಇಲ್ಲಿ ಬೇಕಾದ್ದು ಸರಾಸರಿ ಒತ್ತಡ. ಕೆಳಗಿನದನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಿ: 88 ಮತ್ತು 84 ಸೇರಿ 172, ಭಾಗಿಸಿದರೆ 57. ಅದು 65 ಇರಬೇಕು. 11.10ಕ್ಕೆ 68 ಇತ್ತು. ಮೂರನೇ ಬಾಟಲಿ ಹೋಗುತ್ತಿರುವಾಗಲೇ ಡಾಕ್ಟರ್ ನಾರ್‌ಅಡ್ರಿನಾಲಿನ್ ಹಚ್ಚಲು ಹೇಳುತ್ತಾರೆ. ಸೆಂಟ್ರಲ್ ಲೈನ್ ಹಾಕುವ ತನಕ ಕಾಯಬೇಕಿಲ್ಲ. ಮೊಣಕೈ ಮಡಿಕೆಯ ಅಥವಾ ಅದಕ್ಕೂ ಮೇಲಿನ ದೊಡ್ಡ ನಾಳದಲ್ಲಿ ಸ್ವಲ್ಪ ಹೊತ್ತಿಗೆ ಶುರು ಮಾಡಬಹುದು. ಅಂಗೈ ಹಿಂಭಾಗದ ಸಣ್ಣ ನಾಳ ಬೇಡ.

ಲೆಕ್ಕ ಹೀಗೆ: 4 ಮಿಲಿಗ್ರಾಂ ಔಷಧಿಯನ್ನು 5 ಶೇಕಡಾ ಡೆಕ್ಸ್‌ಟ್ರೋಸ್ ಸೇರಿಸಿ ಒಟ್ಟು 50 ಎಂ.ಎಲ್. ಮಾಡಿದರೆ ಒಂದು ಎಂ.ಎಲ್.ನಲ್ಲಿ 80 ಮೈಕ್ರೋಗ್ರಾಂ. ಬೇಕಾದ್ದು ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ. 50 ಕಿಲೋಗೆ ನಿಮಿಷಕ್ಕೆ 5, ಗಂಟೆಗೆ 300 ಮೈಕ್ರೋಗ್ರಾಂ. 80ರಿಂದ ಭಾಗಿಸಿದರೆ ಸಿರಿಂಜ್ ಪಂಪಿನಲ್ಲಿ ಗಂಟೆಗೆ 3.75 ಎಂ.ಎಲ್. ಆಂಪೂಲಿನ ಲೇಬಲ್ ಓದುವುದು ಇಲ್ಲಿ ಮುಖ್ಯ: ಕೆಲವು ಕಂಪನಿಗಳು ಲವಣದ ತೂಕ ಬರೆಯುತ್ತವೆ, ಕೆಲವು ಬೇಸ್‌ನ ತೂಕ. ಲವಣದ 2 ಮಿಲಿಗ್ರಾಂ ಬೇಸ್‌ನ ಸುಮಾರು 1 ಮಿಲಿಗ್ರಾಂಗೆ ಸಮ. ಡೋಸಿನ ಲೆಕ್ಕ ಬೇಸ್‌ನದು.

ಬಿ.ಪಿ. ಪಟ್ಟಿ ಇನ್ನೊಂದು ಕೈಗೆ ಹೋಗಬೇಕು, ಇಲ್ಲದಿದ್ದರೆ ಪಟ್ಟಿ ಬಿಗಿದಾಗಲೆಲ್ಲ ಔಷಧಿ ನಿಲ್ಲುತ್ತದೆ. ಆರಂಭದಲ್ಲಿ ಐದು ನಿಮಿಷಕ್ಕೊಮ್ಮೆ ಬಿ.ಪಿ. ಕ್ಯಾನುಲಾ ಸುತ್ತ ಚರ್ಮ ಬಿಳಿಚಿ ತಣ್ಣಗಾದರೆ ಔಷಧಿ ನಾಳದ ಹೊರಗೆ ಸೋರುತ್ತಿದೆ ಎಂದರ್ಥ. ಆ ಲೈನ್ ನಿಲ್ಲಿಸಿ, ಕ್ಯಾನುಲಾ ಕೀಳದೆ ಒಳಗಿನದನ್ನು ಸಿರಿಂಜಿನಿಂದ ಹಿಂದೆಳೆದು, ಪಂಪನ್ನು ಇನ್ನೊಂದು ಒಳ್ಳೆಯ ನಾಳಕ್ಕೆ ಬದಲಿಸಿ, ಡಾಕ್ಟರನ್ನು ಕರೆಯಬೇಕು. 12.35ಕ್ಕೆ ಬಿ.ಪಿ. 98/56, ಸರಾಸರಿ 70.

ಎರಡು ಗಂಟೆಗೆ ಮತ್ತೆ ಲ್ಯಾಕ್ಟೇಟ್: 3.1. ಬೆರಳ ತುದಿಗೆ ಮೂರು ಸೆಕೆಂಡಿನಲ್ಲಿ ಬಣ್ಣ ಬರುತ್ತಿದೆ. ಮಗಳ ಹೆಸರು ಹೇಳುತ್ತಾರೆ. ಇಷ್ಟಾದರೂ ಕೆಲಸ ಮುಗಿದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಬಲ ಕಿಡ್ನಿ ಊದಿದೆ, ನಾಳದಲ್ಲಿ ಕಲ್ಲು ಸಿಕ್ಕಿದೆ. ಕಟ್ಟಿಕೊಂಡ ಕೀವು ಹೊರಗೆ ಬರದ ಹೊರತು ಯಾವ ಆಂಟಿಬಯೋಟಿಕ್ ಕೊಟ್ಟರೂ ಸಾಲದು. ಸ್ಟೆಂಟ್ ಅಥವಾ ಟ್ಯೂಬ್ ಹಾಕಬಲ್ಲ ಆಸ್ಪತ್ರೆಗೆ ಪಂಪ್ ಓಡುತ್ತಿರುವಂತೆಯೇ ಆಂಬುಲೆನ್ಸಿನಲ್ಲಿ ಕಳಿಸಬೇಕು. ಜೊತೆಗೆ ಹೋಗುವ ಚೀಟಿಯಲ್ಲಿ ಈ ಸಮಯಗಳೆಲ್ಲ ಇರಬೇಕು: ಕಲ್ಚರ್ 11.30, ಮೆರೊಪೆನೆಮ್ 11.42, ದ್ರವ 1500, ನಾರ್‌ಅಡ್ರಿನಾಲಿನ್ ಎಷ್ಟು, ಕಲ್ಚರ್ ರಿಪೋರ್ಟ್ ಯಾವ ನಂಬರಿಗೆ ಫೋನ್ ಮಾಡಿ ಕೇಳಬೇಕು.

ಗಡಿಯಾರಕ್ಕೆ ಎಷ್ಟು ಬೆಲೆ

2012ರಲ್ಲಿ ನ್ಯೂಯಾರ್ಕಿನಲ್ಲಿ ರೋರಿ ಸ್ಟಾಂಟನ್ ಎಂಬ 12 ವರ್ಷದ ಹುಡುಗ ಶಾಲೆಯಲ್ಲಿ ಆಡುವಾಗ ಬಿದ್ದು ಕೈ ತರಚಿಕೊಂಡ. ಜ್ವರ, ವಾಂತಿ ಎಂದು ಆಸ್ಪತ್ರೆಗೆ ಹೋದವನನ್ನು ಹೊಟ್ಟೆಯ ತೊಂದರೆಯೆಂದು ಮನೆಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡ. ಅವನ ತಂದೆತಾಯಿಯ ಹೋರಾಟದ ಫಲವಾಗಿ 2013ರಲ್ಲಿ ಆ ರಾಜ್ಯದ ಆಸ್ಪತ್ರೆಗಳೆಲ್ಲ ಸೆಪ್ಸಿಸ್ ಗುರುತಿಸಿ ಚಿಕಿತ್ಸೆ ಕೊಡುವ ಲಿಖಿತ ಕ್ರಮ ಪಾಲಿಸಬೇಕೆಂಬ ನಿಯಮ ಬಂತು. ಹಾಗೆ ದಾಖಲಾದ 149 ಆಸ್ಪತ್ರೆಗಳ 49,331 ರೋಗಿಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಕಲ್ಚರ್, ಲ್ಯಾಕ್ಟೇಟ್, ಆಂಟಿಬಯೋಟಿಕ್ ಮುಗಿಯಲು ಒಂದೊಂದು ಗಂಟೆ ತಡವಾದಂತೆ ಸಾವಿನ ಸಂಭವ ಶೇಕಡಾ ನಾಲ್ಕರಷ್ಟು ಏರುತ್ತಿತ್ತು. ದ್ರವವನ್ನು ಬೇಗ ಮುಗಿಸಿದ್ದರಿಂದ ಅಂಥ ಲಾಭ ಕಾಣಲಿಲ್ಲ.

ಎಲ್ಲ ಜ್ವರದವರಿಗೂ ಒಂದೇ ಗಂಟೆಯ ಧಾವಂತ ಬೇಡ. ಬಿ.ಪಿ. ಇಳಿದು ಆಘಾತಕ್ಕೆ ಹೋಗಿದ್ದರೆ, ಅಥವಾ ಸೆಪ್ಸಿಸ್ ಎಂದು ಹೆಚ್ಚುಕಡಿಮೆ ಖಚಿತವಿದ್ದರೆ ಒಂದು ಗಂಟೆ. ಬಿ.ಪಿ. ಸರಿಯಿದ್ದು ಬರೀ ಅನುಮಾನವಿದ್ದರೆ ಬೇಗ ಪರೀಕ್ಷೆ ಮಾಡಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ ಕೊಡಿ ಎನ್ನುತ್ತದೆ 2021ರ ಮಾರ್ಗಸೂಚಿ.

ದ್ರವದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಜಾಂಬಿಯಾ ದೇಶದಲ್ಲಿ ಬಿ.ಪಿ. ಇಳಿದ ಸೆಪ್ಸಿಸ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮದಂತೆ ಬೇಗ ಹೆಚ್ಚು ದ್ರವ ಕೊಟ್ಟ ಗುಂಪಿನಲ್ಲಿ ನೂರಕ್ಕೆ 48 ಮಂದಿ ಸತ್ತರು, ಎಂದಿನ ಚಿಕಿತ್ಸೆ ಪಡೆದವರಲ್ಲಿ 33. ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್.ಐ.ವಿ. ಇತ್ತು, ಉಸಿರಾಟಕ್ಕೆ ನೆರವಾಗುವ ಯಂತ್ರಗಳ ಸೌಲಭ್ಯ ಕಡಿಮೆ. ಐ.ಸಿ.ಯು. ದೂರವಿರುವ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಇದು ನೆನಪಿರಬೇಕಾದ ಮಾತು: ಬಾಟಲಿ ಹಾಕುವಷ್ಟೇ ಗಮನ ಬಾಟಲಿಗಳ ನಡುವೆ ನೋಡುವುದಕ್ಕೂ ಬೇಕು. ಮಳೆಗಾಲದ ಡೆಂಗಿಯಲ್ಲಂತೂ ದ್ರವದ ಲೆಕ್ಕವೇ ಬೇರೆ.

ಮೆರೊಪೆನೆಮ್ ಮುಟ್ಟದ ಕಾಯಿಲೆಗಳೂ ನಮ್ಮಲ್ಲಿವೆ. ಹೊಲ, ಪೊದೆಗಳಲ್ಲಿ ಕೆಲಸ ಮಾಡುವವರಿಗೆ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಸೆಪ್ಸಿಸ್‌ನಂತೆಯೇ ಕಾಣುತ್ತದೆ, ಅದಕ್ಕೆ ಬೇಕಾದ್ದು ಡಾಕ್ಸಿಸೈಕ್ಲಿನ್. ಅದರ ಗುರುತು ಸಿಗರೇಟಿನಿಂದ ಸುಟ್ಟಂತಿರುವ, ನೋವಿಲ್ಲದ ಒಂದು ಕಪ್ಪು ಹೆಕ್ಕಳೆ. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಅಡಗಿರುತ್ತದೆ. ರೋಗಿಯ ಬಟ್ಟೆ ಬದಲಿಸುವ, ಮೈ ಒರೆಸುವ ನರ್ಸಿನ ಕಣ್ಣಿಗೇ ಅದು ಮೊದಲು ಬೀಳುವ ಸಾಧ್ಯತೆ ಹೆಚ್ಚು.

ರೋಗಿಯ ಜೊತೆಗಿರುವವರಿಗೆ ಒಂದು ಮಾತು. ಸಂಜೆ ಸರಿಯಾಗಿ ಮಾತಾಡಿದವರು ರಾತ್ರಿ ತಡವರಿಸುತ್ತಿದ್ದರೆ, ಉಸಿರು ಜೋರಾಗಿದ್ದರೆ, ಅರ್ಧ ದಿನದಿಂದ ಮೂತ್ರವಿಲ್ಲದಿದ್ದರೆ, ಜ್ವರ ಬಿಟ್ಟಿದ್ದರೂ ಹೋಗಿ ಹೇಳಿ. ‘ಇವರು ಎಂದಿನಂತಿಲ್ಲ’ ಎಂದರೆ ಸಾಕು. ಕೆಲಸಕ್ಕೆ ಸೇರಲಿರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಇನ್ನೊಂದು. ಹೊಸ ವಾರ್ಡಿಗೆ ಹೋದ ಮೊದಲ ಪಾಳಿಯಲ್ಲೇ ಮೂರು ವಿಷಯ ತಿಳಿದುಕೊಳ್ಳಿ: ಕಲ್ಚರ್ ಬಾಟಲಿ ಯಾವ ಕಪಾಟಿನಲ್ಲಿದೆ, ಆಂಟಿಬಯೋಟಿಕ್‌ನ ಮೊದಲ ಡೋಸ್ ರಾತ್ರಿ ಎರಡು ಗಂಟೆಗೆ ಎಲ್ಲಿ ಸಿಗುತ್ತದೆ, ಡ್ಯೂಟಿ ಡಾಕ್ಟರ್ ಫೋನ್ ಎತ್ತದಿದ್ದರೆ ಮುಂದೆ ಯಾರಿಗೆ ಮಾಡಬೇಕು. ಈ ಮೂರಕ್ಕೆ ಉತ್ತರ ಸಿಗದ ವಾರ್ಡಿನಲ್ಲಿ ಒಂದು ಗಂಟೆಯ ಬಂಡಲ್ ನಡೆಯುವುದಿಲ್ಲ. ಅದನ್ನು ಅಂದೇ ಇನ್‌ಚಾರ್ಜ್ ಸಿಸ್ಟರ್ ಗಮನಕ್ಕೆ ತನ್ನಿ.